ವರ್ಷಕ್ಕೆ ನಾಲ್ಕು ಸಲ ನೆಗಡಿ ಬಂದರೆ ಇಮ್ಯುನಿಟಿ ಹಾಳಾಗಿದೆ ಎಂದರ್ಥವೇ?

"ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಸಲ ನೆಗಡಿ ಬಂದರೆ ನಿಮ್ಮ ಇಮ್ಯುನಿಟಿ ಸತ್ತಿದೆ ಎಂದರ್ಥ. ತಪ್ಪದೆ ಹತ್ತು ಜನರಿಗೆ ಕಳಿಸಿ." ಮಳೆಗಾಲ ಶುರುವಾದರೆ ಸಾಕು, ಈ ಧಾಟಿಯ ಸಂದೇಶಗಳು ವಾಟ್ಸ್‌ಆಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಕೆಳಗೆ ಒಂದು ಕಷಾಯದ ವಿಧಾನವೋ, ಒಂದು ಪುಡಿಯ ಹೆಸರೋ ಇರುತ್ತದೆ. ಓದಿದವರಿಗೆ ಇದು ನಿಜವೇ ಇರಬೇಕು ಅನ್ನಿಸುವುದೂ ಸಹಜ. ದಡಾರ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನದಲ್ಲಿ ಮತ್ತೆ ಬರುವುದಿಲ್ಲ. ಹಾಗಾದರೆ ನೆಗಡಿ ಮಾತ್ರ ಯಾಕೆ ಮತ್ತೆ ಮತ್ತೆ ಬರುತ್ತದೆ?

ಇದಕ್ಕೆ ಉತ್ತರವನ್ನು ಕೆಜಿಎಫ್ ಮತ್ತು ಬಂಗಾರಪೇಟೆಯ ಒಂದು ಮನೆಯನ್ನು ಮುಂದಿಟ್ಟುಕೊಂಡು ನೋಡೋಣ.

ಹೆಸರು ಒಂದು, ವೈರಸ್ ನೂರಾರು

ಕೆಜಿಎಫ್‌ನ ಒಂದೇ ಬೀದಿಯಲ್ಲಿ ಒಬ್ಬರು ನೆಗಡಿ ಎನ್ನುತ್ತಾರೆ, ಪಕ್ಕದ ಮನೆಯವರು ಜಲದೋಷಂ ಎನ್ನುತ್ತಾರೆ, ಎದುರು ಮನೆಯವರು ಜಲುಬು ಎನ್ನುತ್ತಾರೆ. ಅಲ್ಲಿ ಕಾಯಿಲೆ ಒಂದು, ಹೆಸರು ಮೂರು. ನಮ್ಮ ಮೂಗಿನೊಳಗೆ ನಡೆಯುವುದು ಇದಕ್ಕೆ ತಿರುಗುಮುರುಗು. ಹೆಸರು ಒಂದು, ಆದರೆ ಅದನ್ನು ತರುವ ವೈರಸ್‌ಗಳು ನೂರಾರು.

ಇವುಗಳಲ್ಲಿ ದೊಡ್ಡ ಪಾಲು ರೈನೋವೈರಸ್‌ಗಳದು. ಇವುಗಳಲ್ಲೇ 160ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಇವಲ್ಲದೆ ಕೋವಿಡ್‌ಗೆ ಬಹಳ ಮೊದಲಿನಿಂದಲೂ ನಮ್ಮ ನಡುವೆ ಇರುವ ನಾಲ್ಕು ಸಾಮಾನ್ಯ ಕೊರೊನಾವೈರಸ್‌ಗಳಿವೆ. ಅಡಿನೋವೈರಸ್, ಪ್ಯಾರಾಇನ್‌ಫ್ಲುಯೆಂಜಾದಂಥ ಬೇರೆ ಗುಂಪುಗಳೂ ಇವೆ. ಯಾವುದು ಬಂದರೂ ನಮಗೆ ಕಾಣುವುದು ಮೂಗು ಸೋರುವುದು, ಗಂಟಲು ಕೆರೆತ, ಸೀನು ಮಾತ್ರ. ಹಾಗಾಗಿ "ಮತ್ತೆ ಅದೇ ನೆಗಡಿ" ಎಂದುಕೊಳ್ಳುತ್ತೇವೆ. ಬಹುಪಾಲು ಸಲ ಅದು ಅದೇ ಅಲ್ಲ.

ಊರಿಗಾಂನ ಒಂದು ಮನೆ

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ಕೆಲಸಕ್ಕೆ ದಿನಾ ಬೆಂಗಳೂರಿಗೆ ಹೋಗಿಬರುತ್ತಾರೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ಹತ್ತಿದವರು ಬಂಗಾರಪೇಟೆ ಜಂಕ್ಷನ್ ಮೂಲಕ ಬೆಂಗಳೂರು ಸೇರುತ್ತಾರೆ. ತುಂಬಿದ ಬೋಗಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತ ಪ್ರಯಾಣ. ಸಂಜೆ ಅದೇ ದಾರಿಯಲ್ಲಿ ವಾಪಸ್.

ಊರಿಗಾಂನಲ್ಲಿ ಇಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಪ್ಪ ರೈಲಿನಲ್ಲಿ ಓಡಾಡುತ್ತಾರೆ. ಮಗಳು ಈ ವರ್ಷವಷ್ಟೇ ಅಂಗನವಾಡಿಗೆ ಸೇರಿದ್ದಾಳೆ. ಮನೆಯಲ್ಲಿ ಅಮ್ಮ, ಅಜ್ಜಿ, ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ತಾತ ಇದ್ದಾರೆ. ಜುಲೈನಲ್ಲಿ ಅಪ್ಪ ಬೋಗಿಯಿಂದ ಒಂದು ರೈನೋವೈರಸ್ ಹೊತ್ತು ತರುತ್ತಾರೆ. ಸೆಪ್ಟೆಂಬರ್‌ನಲ್ಲಿ ಮಗಳು ಅಂಗನವಾಡಿಯಿಂದ ಇನ್ನೊಂದು ಬಗೆಯ ರೈನೋವೈರಸ್ ತರುತ್ತಾಳೆ. ಡಿಸೆಂಬರ್‌ನಲ್ಲಿ ಒಂದು ಸಾಮಾನ್ಯ ಕೊರೊನಾವೈರಸ್, ಫೆಬ್ರವರಿಯಲ್ಲಿ ಮೂರನೇ ಬಗೆಯ ರೈನೋವೈರಸ್. ಅಪ್ಪನ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕು ನೆಗಡಿ. ದೇಹದ ಲೆಕ್ಕದಲ್ಲಿ ನಾಲ್ಕು ಬೇರೆ ಬೇರೆ ಸೋಂಕು, ಪ್ರತಿಯೊಂದನ್ನೂ ಅದು ವಾರ ಹತ್ತು ದಿನದಲ್ಲಿ ಗೆದ್ದಿದೆ.

ವಯಸ್ಕರಿಗೆ ವರ್ಷಕ್ಕೆ ಎರಡು ಮೂರು ನೆಗಡಿ, ಚಿಕ್ಕ ಮಕ್ಕಳಿಗೆ ಆರರಿಂದ ಎಂಟು ನೆಗಡಿ ಬರುವುದು ಸಾಮಾನ್ಯ. ಮನೆಯಲ್ಲಿ ಚಿಕ್ಕ ಮಗುವಿದ್ದರೆ ದೊಡ್ಡವರ ಲೆಕ್ಕವೂ ಏರುತ್ತದೆ. ಮಗಳು ಅಂಗನವಾಡಿಗೆ ಸೇರಿದ ಮೊದಲ ವರ್ಷ ತಿಂಗಳಿಗೊಮ್ಮೆ ಮೂಗು ಸೋರಿಸಿದರೂ ಅದೊಂದರಿಂದಲೇ ಅವಳಲ್ಲಿ ಏನೋ ಕೊರತೆ ಇದೆ ಎನ್ನಲಾಗದು. ಅವಳ ದೇಹ ಈ ವೈರಸ್‌ಗಳನ್ನು ಮೊದಲ ಸಲ ನೋಡುತ್ತಿದೆ, ಅಷ್ಟೇ.

ಸೆಪ್ಟೆಂಬರ್‌ನಲ್ಲಿ ಇಡೀ ಮನೆ ಸೀನುವಾಗ ಅಜ್ಜಿಗೆ ಏನೂ ಆಗದೆ ಇರಬಹುದು. ಅವರದು ಗಟ್ಟಿ ಜೀವ ಎಂದು ಎಲ್ಲರೂ ಹೇಳುತ್ತಾರೆ. ಆ ನಿರ್ದಿಷ್ಟ ಬಗೆ ಅವರಿಗೆ ಹಿಂದೆಯೇ ಬಂದು ಹೋಗಿರುವುದೂ ಒಂದು ಕಾರಣವಿರಬಹುದು. ಫೆಬ್ರವರಿಯ ವೈರಸ್ ಅವರನ್ನೂ ಹಿಡಿಯಬಹುದು.

ನೆಗಡಿ ವಾಸಿಯಾದ ಮೇಲೆ ಏನು ಉಳಿಯುತ್ತದೆ?

ವೈರಸ್ ಮೂಗಿನ ಒಳಪದರಕ್ಕೆ ಹೊಕ್ಕಾಗ ದೇಹ ಮೊದಲು ಸಾಮಾನ್ಯ ಕಾವಲನ್ನು ಕಳಿಸುತ್ತದೆ. ಒಳಪದರ ಊದಿಕೊಳ್ಳುತ್ತದೆ, ನೀರು ಸುರಿಯುತ್ತದೆ, ಸೀನು ಬರುತ್ತದೆ. ನೆಗಡಿ ಎಂದು ನಾವು ಕರೆಯುವ ಈ ತೊಂದರೆಗಳಲ್ಲಿ ಹೆಚ್ಚಿನವು ದೇಹದ ಪ್ರತಿರೋಧವೇ. ಮೂಗು ಸೋರುತ್ತಿದೆ ಎಂದರೆ ಇಮ್ಯುನಿಟಿ ಸತ್ತಿಲ್ಲ, ಕೆಲಸ ಮಾಡುತ್ತಿದೆ.

ಮುಂದಿನ ಕೆಲವು ದಿನಗಳಲ್ಲಿ ಆ ವೈರಸ್‌ಗೇ ಹೊಂದುವ ಪ್ರತಿಕಾಯಗಳು ತಯಾರಾಗುತ್ತವೆ. ಪ್ರತಿಕಾಯ ಎಂದರೆ ವೈರಸ್‌ನ ಮೈಗೆ ಅಂಟಿ ಅದು ನಮ್ಮ ಜೀವಕೋಶದೊಳಗೆ ನುಗ್ಗದಂತೆ ತಡೆಯುವ ಪ್ರೋಟೀನು. ಇದು ಬೀಗದ ಕೈ ಇದ್ದಂತೆ, ಒಂದು ಬಗೆಗೆ ಮಾಡಿದ್ದು ಇನ್ನೊಂದು ಬಗೆಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಜುಲೈನ ರೈನೋವೈರಸ್‌ಗೆ ಅಪ್ಪನ ದೇಹ ಮಾಡಿಕೊಂಡ ಪ್ರತಿಕಾಯ ಸೆಪ್ಟೆಂಬರ್‌ನ ರೈನೋವೈರಸ್ ಮುಂದೆ ಹೆಚ್ಚು ಉಪಯೋಗಕ್ಕೆ ಬರದಿರುವುದು ಇದೇ ಕಾರಣಕ್ಕೆ.

ಪ್ರತಿಕಾಯಗಳು ಕಾಲ ಕಳೆದಂತೆ ಕಡಿಮೆಯಾಗುತ್ತವೆ. ವೈರಸ್ ಒಳಬರುವ ಬಾಗಿಲಾದ ಮೂಗಿನ ಲೋಳೆಯಲ್ಲಂತೂ ತಿಂಗಳುಗಳಲ್ಲೇ ಇಳಿಯುತ್ತವೆ. ಆದರೆ ಆ ವೈರಸ್‌ನ ಗುರುತು ಇಟ್ಟುಕೊಂಡ ನೆನಪಿನ ಕಣಗಳು ದೇಹದಲ್ಲಿ ಬಹುಕಾಲ ಉಳಿಯುತ್ತವೆ. ಅದೇ ವೈರಸ್ ಮತ್ತೆ ಬಂದರೆ ಅವು ಬೇಗ ಎಚ್ಚೆತ್ತು ಹೊಸ ಪ್ರತಿಕಾಯ ಮಾಡಿಸುತ್ತವೆ.

ಅದೇ ವೈರಸ್ ಎರಡನೇ ಸಲ ಕೊಟ್ಟು ನೋಡಿದಾಗ

ಇದನ್ನು ಜನರ ಮೇಲೆಯೇ ಪರೀಕ್ಷಿಸಿ ನೋಡಲಾಗಿದೆ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಿಂದ 1990ರವರೆಗೆ ಕಾಮನ್ ಕೋಲ್ಡ್ ಯೂನಿಟ್ ಎಂಬ ನೆಗಡಿಯ ಸಂಶೋಧನಾ ಕೇಂದ್ರ ಇತ್ತು. ಸ್ವಯಂಸೇವಕರು ಒಪ್ಪಿ ಅಲ್ಲಿಗೆ ಬರುತ್ತಿದ್ದರು, ಅವರ ಮೂಗಿಗೆ ವೈರಸ್ ಹನಿ ಹಾಕಿ ಗಮನಿಸುತ್ತಿದ್ದರು. 1990ರಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನದಲ್ಲಿ 15 ಜನರಿಗೆ 229ಇ ಎಂಬ ಸಾಮಾನ್ಯ ಕೊರೊನಾವೈರಸ್ ಕೊಟ್ಟರು. 10 ಜನರಿಗೆ ಸೋಂಕು ತಗುಲಿತು, ಅವರಲ್ಲಿ 8 ಜನರಿಗೆ ನೆಗಡಿ ಬಂತು. ಎರಡು ವಾರದ ಹೊತ್ತಿಗೆ ಏರಿದ ಪ್ರತಿಕಾಯಗಳು ನಂತರ ನಿಧಾನವಾಗಿ ಇಳಿದವು.

ಒಂದು ವರ್ಷ ಬಿಟ್ಟು ಅದೇ ವೈರಸ್ ಮತ್ತೆ ಕೊಟ್ಟರು. ಮೊದಲ ಸಲ ಸೋಂಕಾಗಿದ್ದವರಲ್ಲಿ ಮರಳಿ ಬಂದಿದ್ದ 9 ಜನರ ಪೈಕಿ 6 ಜನರಿಗೆ ಪುನಃ ಸೋಂಕಾಯಿತು. ಅಂದರೆ ಅವರ ಮೂಗಿನಲ್ಲಿ ವೈರಸ್ ಬೆಳೆದು ಹೊರಬರುತ್ತಿತ್ತು, ಆದರೆ ಮೊದಲಿಗಿಂತ ಕಡಿಮೆ ದಿನ. ಮತ್ತು ಅವರಲ್ಲಿ ಒಬ್ಬರಿಗೂ ನೆಗಡಿ ಬರಲಿಲ್ಲ.

ಇದು ಸಣ್ಣ ಅಧ್ಯಯನ, ಒಂದೇ ವೈರಸ್‌ನದು. ಆದರೂ ಒಂದು ಮಾತು ಸ್ಪಷ್ಟ. ಸೋಂಕಿನ ನಂತರದ ಇಮ್ಯುನಿಟಿ ಸ್ವಿಚ್ಚಿನ ಹಾಗೆ ಇದೆ ಅಥವಾ ಇಲ್ಲ ಎಂಬ ಲೆಕ್ಕದ್ದಲ್ಲ. ಸೋಂಕನ್ನೇ ತಡೆಯುವ ಶಕ್ತಿ ಮೊದಲು ಕುಗ್ಗುತ್ತದೆ, ಕಾಯಿಲೆಯನ್ನು ಹಗುರ ಮಾಡುವ ಶಕ್ತಿ ಅದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ.

ಹಾಗಾದರೆ ದಡಾರ ಯಾಕೆ ಮತ್ತೆ ಬರುವುದಿಲ್ಲ?

ಇದಕ್ಕೆ ಎರಡು ಮುಖ್ಯ ಕಾರಣಗಳಿವೆ. ದಡಾರದ ವೈರಸ್ ಪ್ರತಿಕಾಯದ ಮಟ್ಟಿಗೆ ಜಗತ್ತಿನಲ್ಲೆಲ್ಲ ಒಂದೇ ಬಗೆ, ಹಾಗಾಗಿ ಒಮ್ಮೆ ಮಾಡಿದ ಬೀಗದ ಕೈ ಸಾಕು. ಎರಡನೆಯದು ಸಮಯ. ದಡಾರದ ವೈರಸ್ ಒಳಹೊಕ್ಕ ಮೇಲೆ ರಕ್ತದ ಮೂಲಕ ಮೈಯೆಲ್ಲ ಹರಡಿ, ಗುಳ್ಳೆ ಏಳುವ ಹೊತ್ತಿಗೆ ಸುಮಾರು ಎರಡು ವಾರ ಆಗುತ್ತದೆ. ಅಷ್ಟರಲ್ಲಿ ನೆನಪಿನ ಕಣಗಳು ಎಚ್ಚೆತ್ತು ಅದನ್ನು ಮುಗಿಸಿರುತ್ತವೆ. ನೆಗಡಿಯ ವೈರಸ್ ಮೂಗಿನಲ್ಲೇ ನೆಲೆಯೂರಿ ಒಂದರಿಂದ ಮೂರು ದಿನದಲ್ಲೇ ಸೀನು ತರಿಸುತ್ತದೆ. ನೆನಪಿನ ಕಣಗಳು ಸಿದ್ಧವಾಗುವುದಕ್ಕೂ ಕೆಲವು ದಿನ ಬೇಕು. ಓಟದಲ್ಲಿ ವೈರಸ್ ಸ್ವಲ್ಪ ಮುಂದಿರುತ್ತದೆ.

ಆದ್ದರಿಂದ ಯಾವ ಪುಡಿ, ಕಷಾಯವೂ ನಾವು ಇನ್ನೂ ಕಂಡಿರದ ವೈರಸ್‌ಗೆ ಮುಂಚೆಯೇ ಪ್ರತಿಕಾಯ ಮಾಡಿಕೊಡಲಾರದು. ಬಿಸಿ ಕಷಾಯ ಗಂಟಲಿಗೆ ಹಿತ ಕೊಡುತ್ತದೆ, ಕುಡಿಯಬಹುದು. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೇಳಿ ತರುವ ಆ್ಯಂಟಿಬಯಾಟಿಕ್ ಮಾತ್ರ ಬೇಡ. ಅದು ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುತ್ತದೆ, ವೈರಸ್ ಮೇಲೆ ಅಲ್ಲ. ಸಿಂಬಳ ಹಳದಿ, ಹಸಿರು ಆಯಿತೆಂದ ಮಾತ್ರಕ್ಕೆ ಅದು ಬೇಕು ಎಂದೂ ಅಲ್ಲ, ಆ ಬಣ್ಣ ಹೋರಾಡಿದ ಬಿಳಿ ರಕ್ತಕಣಗಳಿಂದ ಬರುತ್ತದೆ. "ನಾಲ್ಕು ದಿನಕ್ಕೆ ವಾಸಿಯಾಯಿತಲ್ಲ" ಎಂದರೆ, ಅದು ಮಾತ್ರೆ ಇಲ್ಲದಿದ್ದರೂ ವಾಸಿಯಾಗುತ್ತಿತ್ತು.

ನೆಗಡಿಯೇ ಅಲ್ಲದ ನೆಗಡಿ

ಕೆಜಿಎಫ್‌ನಲ್ಲಿ ಒಂದು ವಿಷಯ ನೆನಪಿಡಬೇಕು. ಗಾಳಿ ಜೋರಾದಾಗ ಸೈನೈಡ್ ದಿಬ್ಬಗಳ ನುಣುಪು ಧೂಳು ಮನೆಗಳ ಮೇಲೆ ಬರುತ್ತದೆ. ಧೂಳಿನಿಂದಲೂ ಮೂಗು ಸೋರುತ್ತದೆ, ಆದರೆ ಲಕ್ಷಣ ಬೇರೆ. ಕಣ್ಣು, ಮೂಗು ತುರಿಸುತ್ತವೆ, ಜ್ವರ ಇರುವುದಿಲ್ಲ, ನೀರಿನಂಥ ಸಿಂಬಳ ವಾರಗಟ್ಟಲೆ ಇರುತ್ತದೆ, ಗಾಳಿ ನಿಂತರೆ ಕಡಿಮೆಯಾಗುತ್ತದೆ. ವೈರಸ್‌ನ ನೆಗಡಿ ಸಾಮಾನ್ಯವಾಗಿ ಹತ್ತು ದಿನದಲ್ಲಿ ಇಳಿಮುಖವಾಗುತ್ತದೆ.

ಇನ್ನೊಂದು, ಇದಕ್ಕಿಂತ ಮುಖ್ಯವಾದದ್ದು. ನಾವು ಊಹಿಸಿಕೊಂಡ ಮನೆಯ ತಾತನಿಗೆ ಮನೆಯವರಿಂದ ನೆಗಡಿ ಅಂಟಿತು, ಮೂಗು ಸರಿಹೋಯಿತು, ಕೆಮ್ಮು ಮಾತ್ರ ಮೂರು ವಾರವಾದರೂ ನಿಂತಿಲ್ಲ ಎಂದುಕೊಳ್ಳಿ. ಗಣಿಯ ಕಲ್ಲಿನ ಧೂಳು ಕುಡಿದ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಇರಬಹುದು, ಅದಿದ್ದವರಿಗೆ ಕ್ಷಯ ಬರುವ ಸಾಧ್ಯತೆ ಹೆಚ್ಚು. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು, ಅದು ಉಚಿತ. "ನೆಗಡಿಯ ಕೆಮ್ಮು" ಎಂದು ಸುಮ್ಮನಿರುವುದು ಅಪಾಯ.

ನಿಜವಾಗಿ ರೋಗನಿರೋಧಕ ಶಕ್ತಿ ಕಡಿಮೆ ಇದ್ದಾಗ ಕಾಣುವ ಸೂಚನೆಗಳೂ ಬೇರೆ. ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆಗುವುದು, ಕಿವಿ ಪದೇ ಪದೇ ಸೋರುವುದು, ಮಗುವಿನ ತೂಕ ಏರದಿರುವುದು. ಇವು ಕಂಡರೆ ಡಾಕ್ಟರಿಗೆ ತೋರಿಸಬೇಕು. ಉಸಿರಾಡಲು ಕಷ್ಟವಾದರೆ, ಪಕ್ಕೆ ಒಳಸೇದಿದರೆ ಅಂದೇ ಹೋಗಬೇಕು.

ಫಾರ್ವರ್ಡ್ ಬಂದರೆ ಏನು ಹೇಳುವುದು?

ನೆಗಡಿಯ ಸಂಖ್ಯೆ ಮುಖ್ಯವಾಗಿ ಹೇಳುವುದು ನಾವು ಎಷ್ಟು ಜನರ ಹತ್ತಿರ, ಎಷ್ಟು ಮಕ್ಕಳ ಹತ್ತಿರ ಇದ್ದೇವೆ ಎಂಬುದನ್ನು. ಹತ್ತು ದಿನದೊಳಗೆ ವಾಸಿಯಾಗುವ ನಾಲ್ಕು ನೆಗಡಿ ಸಾಮಾನ್ಯ. ಹಾಗಾಗಿ ಈ ಸಂದೇಶ ನಿಮ್ಮ ಗುಂಪಿಗೆ ಬಂದರೆ ಇಷ್ಟು ಬರೆದರೆ ಸಾಕು: "ಎಷ್ಟು ಸಲ ಬಂತು ಎಂದಲ್ಲ, ಎಷ್ಟು ದಿನ ಇತ್ತು, ಕೆಮ್ಮು ನಿಂತಿತಾ ಎಂದು ನೋಡಿ."