ವಾಯ್ಸ್ ಮೆಸೇಜನ್ನು ಈಮೇಲ್ ಮಾಡುವಾಗ ಒಂದು "ಬೇಡ"ವೂ ಬಿಡ್ಬಾರ್ದು

ನಮ್ಮಲ್ಲಿ ತುಂಬ ಜನ ವಾಯ್ಸ್ ಮೆಸೇಜನ್ನು ಬರೆದು ಕಳಿಸುವಾಗ "ಚಂದ ಮಾಡ್ತೇನೆ" ಅಂತ ಅರ್ಧ ವಿಷಯ ಬಿಡ್ತಾರೆ. ನನ್ನ ಪ್ರಕಾರ ಅದು ಚಂದ ಅಲ್ಲ. ಮಾತು ಎಷ್ಟು ಗಿಡ್ಡ ಆದ್ರೂ ಅಡ್ಡಿಲ್ಲ, ಆದ್ರೆ ಕೆಲಸ ಒಂದೂ ಕಡಿಮೆ ಆಗ್ಬಾರ್ದು, ಹಿಂದೆಮುಂದೆ ಆಗ್ಬಾರ್ದು.

ಕಾರ್ಕಳದ ಅಕ್ಕ ಟೈಪ್ ಮಾಡುವವಳಲ್ಲ. ಮಣಿಪಾಲದಲ್ಲಿ ಕೆಲಸದಲ್ಲಿರುವ ಅವಳ ಮಾಣಿಗೆ ಎಂತ ಹೇಳ್ಲಿಕ್ಕಿದ್ರೂ ಮಾತಾಡಿ ನನಗೆ ಕಳಿಸ್ತಾಳೆ. ಲ್ಯಾಬಿನ ಕ್ಯೂನಲ್ಲಿ ನಿಂತು ಮೂರು ನಿಮಿಷದ ಮಾತು ಕೇಳ್ಲಿಕ್ಕೆ ಅವನಿಗೆ ಆಗುದಿಲ್ಲ. ಮೊನ್ನೆ ಮಂಗಳವಾರ ರಾತ್ರಿ ಬಂದದ್ದು ಹೀಗುಂಟು:

"ನಾಳೆ ಅಲ್ಲ ನಾಡಿದ್ದು ಅಜ್ಜಿಯನ್ನು ಬಸ್ಸಿಗೆ ಹತ್ತಿಸ್ತೇನೆ ಏಳಕ್ಕೆ ಇಳೀತಾರೆ ನೀನು ಸ್ಟಾಪಿನಲ್ಲಿರು ಹೊಟ್ಟೆ ಖಾಲಿ ಇರ್ತದೆ ರಕ್ತ ಕೊಡ್ಸು ಮತ್ತೆ ತಿಂಡಿ ತಿನ್ಸು ಎರಡು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ಕೊಡ್ಲಿಕ್ಕುಂಟು ಅಯ್ಯೋ ತಿಂಡಿಗೆ ಮೊದಲು ಶುಗರಿನ ಮಾತ್ರೆ ಕೊಡ್ಬೇಕು ಮೊದಲ್ನೇ ರಕ್ತ ಆಗುವವರೆಗೆ ಮಾತ್ರ ಬೇಡ ಡಾಕ್ಟ್ರು ಹನ್ನೆರಡಕ್ಕೆ ಅಲ್ಲ ಹನ್ನೆರಡೂವರೆಗೆ ಹಾಂ ಫೈಲು ಕಾಪು ಅತ್ತೆ ಹತ್ರ ಉಂಟು ಬುಧವಾರವೇ ತಂದಿಡು"

ಇದು ಫೋನಿನ ಕೀಬೋರ್ಡಿನ ಮೈಕ್ ಒತ್ತಿ ಅಕ್ಷರ ಮಾಡಿದ್ದು. ಆ ಕಡೆಯ ಫೋನ್ ಮಾತಾಡ್ಲಿ, ಈ ಕಡೆಯದ್ದು ಬರೀಲಿ ಅಂತ ಬಿಟ್ರೆ ನಮ್ಮ ಊರಿನ ಮಾತು ಅದಕ್ಕೆ ಸರಿ ಸಿಗುದಿಲ್ಲ. ಸ್ವಲ್ಪ ಸ್ವಲ್ಪ ಕೇಳಿ, ನಾವೇ ನಿಧಾನ ಪುನಃ ಹೇಳ್ಬೇಕು. ಚುಕ್ಕಿ, ಅಲ್ಪವಿರಾಮ ಬರುದಿಲ್ಲ, ಅದಕ್ಕೇ ಒಂದು ಕೆಲಸ ಎಲ್ಲಿ ಮುಗೀತು ಅಂತ ತಿಳಿಯುದಿಲ್ಲ. ಆಮೇಲೆ ಮೂಲವನ್ನು ಇನ್ನೊಮ್ಮೆ ಕೇಳಿ ಮೂರನ್ನೇ ನೋಡಿ: "ಬೇಡ", "ಮೊದಲು-ಮತ್ತೆ", ಮತ್ತೆ ಸಂಖ್ಯೆಗಳು. ಬೇರೆ ಶಬ್ದ ತಪ್ಪಿದ್ರೆ ಓದುವವರಿಗೆ ಅಂದಾಜಾಗ್ತದೆ. "ಬೇಡ" ಹಾರಿದ್ರೆ ಮಾತ್ರ ಅರ್ಥವೇ ತಿರುಗ್ತದೆ, ಓದಿದವನಿಗೆ ಗೊತ್ತೂ ಆಗುದಿಲ್ಲ.

ಈಗ ಪೆನ್ಸಿಲ್ ಹಿಡಿದು ಕೆಲಸ ಎಣಿಸಿ. "ಬೇಡ"ವೂ ಒಂದು ಕೆಲಸವೇ. ಇಲ್ಲಿ ಎಂಟುಂಟು: ಸ್ಟಾಪು, ಮೊದಲ ರಕ್ತ, ತಿಂಡಿ, ಎರಡನೇ ರಕ್ತ, ಮಾತ್ರೆ, ಅಲ್ಲಿವರೆಗೆ ಮಾತ್ರೆ ಬೇಡ, ಡಾಕ್ಟ್ರು, ಫೈಲು. ಈಮೇಲಿನಲ್ಲೂ ಎಂಟು ಇರ್ಬೇಕು.

ಕ್ರಮದ ವಿಷಯಕ್ಕೆ ನನ್ನ ಜಗಳ ಉಂಟು. ಓದಿದವರು "ಔಷಧಿ", "ಪ್ರಯಾಣ", "ಕಾಗದಪತ್ರ" ಅಂತ ಗುಂಪು ಮಾಡ್ತಾರೆ. ನೋಡ್ಲಿಕ್ಕೆ ನೀಟು. ಆದ್ರೆ ಮಾತ್ರೆ ಒಂದು ಕಡೆ, ರಕ್ತ ಇನ್ನೊಂದು ಕಡೆ ಹೋದ್ರೆ ಯಾವುದು ಮೊದಲು ಅಂತ ಹುಡುಗ ಹೇಗೆ ತಿಳೀಬೇಕು? ಅಕ್ಕ ಹೇಳಿದ ಹಾಗೇ ಬರೆದ್ರೂ ಆಗುದಿಲ್ಲ. ಅವಳು ಕೊನೆಗೆ ಹೇಳಿದ ಫೈಲು ಎಲ್ಲದಕ್ಕಿಂತ ಮೊದಲಿನ ಕೆಲಸ. ಹಾಗಾಗಿ ಮಾಡುವ ಕ್ರಮ ಇಡ್ಬೇಕು. ಅದೂ ಅವಳೇ ಬಾಯಲ್ಲಿ "ಮೊದಲು", "ಬಿಟ್ಟು", "ಬುಧವಾರವೇ" ಅಂದದ್ದನ್ನು ಹಿಡಿದು ಮಾತ್ರ. ಅವಳು ಹೇಳದೇ ಇದ್ದಲ್ಲಿ ಅವಳ ಮಾತಿನ ಕ್ರಮವೇ ಇರ್ಲಿ.

ನಮ್ಮ ಅಂದಾಜು ಸೇರಿಸುದು ಬೇಡ. "ಎರಡು ಗಂಟೆ ಬಿಟ್ಟು" ಅಂದ್ರೆ ಎಲ್ಲಿಂದ? ತಿಂಡಿಯ ಮೊದಲ ತುತ್ತಿನಿಂದ ಲೆಕ್ಕ ಹಿಡಿಯುದು ವಾಡಿಕೆ, ಆದ್ರೂ ಅಕ್ಕನ ಹತ್ರ ಕೇಳಿಯೇ ಬರೆದೆ. ಮಾತ್ರೆ ತಿಂಡಿಗೆ ಎಷ್ಟು ಮೊದಲು ಅಂತಲೂ ಕೇಳಿದೆ. "ಅರ್ಧ ಗಂಟೆ ಅಂತ ಚೀಟಿಯಲ್ಲುಂಟು" ಅಂದ್ಳು. ಒಬ್ಬೊಬ್ಬರ ಮಾತ್ರೆ ಬೇರೆ, ನಿಮ್ಮ ಮನೆಯದ್ದು ನಿಮ್ಮ ಡಾಕ್ಟ್ರು ಹೇಳಿದ ಹಾಗೆ.

ಕೊನೆಗೆ ಹೋದದ್ದು ಇದು:

ವಿಷಯ: ಗುರುವಾರ ಅಜ್ಜಿಯ ರಕ್ತ ಪರೀಕ್ಷೆ, 8 ಕೆಲಸ

1. ಬುಧವಾರ: ಕಾಪು ಅತ್ತೆಯಿಂದ ಫೈಲು ತಂದಿಡು.
2. ಗುರುವಾರ ಬೆಳಿಗ್ಗೆ 7: ಮಣಿಪಾಲ ಸ್ಟಾಪಿನಲ್ಲಿರು. ಅಜ್ಜಿ ಖಾಲಿ ಹೊಟ್ಟೆಯಲ್ಲಿ ಬರ್ತಾರೆ.
3. ಮೊದಲ ರಕ್ತ ಕೊಡುವವರೆಗೆ ಶುಗರಿನ ಮಾತ್ರೆ ಬೇಡ.
4. ಮೊದಲ ರಕ್ತ ಕೊಡಿಸು.
5. ಈಗ ಮಾತ್ರೆ ಕೊಡು.
6. ಅರ್ಧ ಗಂಟೆ ಬಿಟ್ಟು ತಿಂಡಿ. ಶುರು ಮಾಡಿದ ಹೊತ್ತು ಬರೆದಿಡು.
7. ಆ ಹೊತ್ತಿನಿಂದ 2 ಗಂಟೆಗೆ ಎರಡನೇ ರಕ್ತ.
8. ಮಧ್ಯಾಹ್ನ 12.30: ಫೈಲು ಹಿಡ್ಕೊಂಡು ಡಾಕ್ಟ್ರ ಹತ್ರ.

"ನಾಡಿದ್ದು" ಅಂತ ಇಟ್ಟಿದ್ರೆ ಹುಡುಗ ಬುಧವಾರ ಓದಿ ಶುಕ್ರವಾರ ಅಂತ ತಿಳ್ಕೊಳ್ತಿದ್ದ, ಅದಕ್ಕೆ ವಾರದ ಹೆಸರು ಹಾಕಿದ್ದು. "ಹನ್ನೆರಡಕ್ಕೆ ಅಲ್ಲ" ಅಂತ ಬರೆದಿಲ್ಲ, ಸರಿಯಾದದ್ದು ಮಾತ್ರ ಇದ್ರೆ ಸಾಕು, ಎರಡೂ ಕಂಡ್ರೆ ಗೊಂದಲ.

ಕಳಿಸುವ ಮೊದಲು ಇದನ್ನು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಎರಡು ನಿಮಿಷ ಸಾಕು. ಹೇಳಿದವರ ಕಿವಿಗೆ ಒಮ್ಮೆ ಹಾಕದ ಈಮೇಲನ್ನು ಕಳಿಸ್ಬಾರ್ದು ಅಂತಲೇ ನನ್ನ ಅಭಿಪ್ರಾಯ. ಬರೆದವರು ನಾವಾದ್ರೂ ಮಾತು ಅವರದ್ದಲ್ವಾ?