ದಿನಚರಿಯ ತಪ್ಪುಗಳು ಮತ್ತು ಆಕಸ್ಮಿಕ ಶುದ್ಧಿ

ಕನ್ನಡದ ಅಧ್ಯಾಪಕರೂ ಸಂಶೋಧಕರೂ ಪುಣೆಗೆ ಹೋಗಿ ಮರಾಠಿ ಕಲಿಯುವುದು ಹೊಸ ಸಂಗತಿಯೇನಲ್ಲ. ಡೆಕ್ಕನ್ ಕಾಲೇಜಿನ ಆವರಣದಲ್ಲಿಯೇ ಭಾರತೀಯ ಭಾಷಾ ಸಂಸ್ಥಾನದ ಪಶ್ಚಿಮ ಪ್ರಾದೇಶಿಕ ಕೇಂದ್ರವಿದೆ. ಹಾಗೆ ಹೋದವರಿಗೆಲ್ಲ ದೊರೆಯುವ ಮೊದಲ ಸಲಹೆ ಒಂದೇ: ದಿನವೂ ಮರಾಠಿಯಲ್ಲಿ ಒಂದು ಪುಟ ದಿನಚರಿ ಬರೆಯಿರಿ, ಬಲ್ಲವರಿಂದ ತಿದ್ದಿಸಿಕೊಳ್ಳಿರಿ. ಈ ಸಲಹೆಯ ಮೊದಲರ್ಧವನ್ನು ನಾನು ಒಪ್ಪುತ್ತೇನೆ. ಉತ್ತರಾರ್ಧದ ವಿಷಯದಲ್ಲಿ ನನಗೆ ತಕರಾರಿದೆ. ದಿನಚರಿಯಲ್ಲಿ ತಪ್ಪಾದುದನ್ನು ಮಾತ್ರ ಗುರುತಿಸುತ್ತ ಹೋದರೆ, ಕಲಿಯುವವನ ಮನಸ್ಸಿನಲ್ಲಿ ನೆಲೆಗೊಂಡಿರುವ ವ್ಯಾಕರಣ ಯಾವುದೆಂಬುದು ತಿಳಿಯದೆಯೇ ಉಳಿಯುತ್ತದೆ.

ಮಾತನ್ನು ಉದಾಹರಣೆಯಿಂದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಪುಣೆಯಲ್ಲಿದ್ದ ಮೊದಲ ತಿಂಗಳುಗಳಲ್ಲಿ ನಾನು ಇಟ್ಟಿದ್ದ ವಹಿಯ ಒಂದು ದಿನದ ಬರಹ ಹೀಗಿದೆ: ‘ಸಕಾಳೀ ಮೀ ಏಕ ಚಿಠ್ಠೀ ಲಿಹಿಲೇ. ದುಪಾರೀ ಮಂಡಈತೂನ ಆಂಬೇ ಆಣಲೇ. ಸಂಧ್ಯಾಕಾಳೀ ಪುಸ್ತಕ ವಾಚಲೇ. ಮಗ ಮಲಾ ಭೂಕ ಲಾಗಲೇ.’ ಬೆಳಗ್ಗೆ ಪತ್ರ ಬರೆದೆ, ಮಧ್ಯಾಹ್ನ ಮಂಡಿಯಿಂದ ಮಾವಿನಹಣ್ಣು ತಂದೆ, ಸಂಜೆ ಪುಸ್ತಕ ಓದಿದೆ, ಆಮೇಲೆ ಹಸಿವಾಯಿತು ಎಂದು ತಾತ್ಪರ್ಯ.

ಇದನ್ನು ನೋಡಿದ ಮರಾಠಿ ಸ್ನೇಹಿತರು ಎರಡು ಕಡೆ ಗೆರೆ ಎಳೆದರು. ‘ಚಿಠ್ಠೀ’ ಸ್ತ್ರೀಲಿಂಗವಾದುದರಿಂದ ‘ಲಿಹಿಲೀ’ ಆಗಬೇಕು. ‘ಭೂಕ’ ಕೂಡ ಸ್ತ್ರೀಲಿಂಗವಾದುದರಿಂದ ‘ಲಾಗಲೀ’ ಆಗಬೇಕು. ಉಳಿದೆರಡು ವಾಕ್ಯಗಳು ಸರಿ ಎಂದರು. ನಾಲ್ಕರಲ್ಲಿ ಎರಡು ಸರಿ ಎಂದು ನಾನೂ ಸಮಾಧಾನಪಟ್ಟೆ. ಆದರೆ ಆ ಎರಡು ವಾಕ್ಯಗಳು ಸರಿಯಾದದ್ದು ಹೇಗೆ? ‘ಪುಸ್ತಕ’ ಮರಾಠಿಯಲ್ಲಿ ನಪುಂಸಕ. ನಪುಂಸಕ ಏಕವಚನಕ್ಕೆ ಬರಹದಲ್ಲಿ ‘ಲೇ’ ಎಂಬ ಅಂತ್ಯ. ‘ಆಂಬೇ’ ಪುಲ್ಲಿಂಗದ ಬಹುವಚನ. ಅದಕ್ಕೂ ‘ಲೇ’ ಎಂಬುದೇ ಅಂತ್ಯ. ನಾನಾದರೋ ಈ ಭೇದವನ್ನು ಯೋಚಿಸಿಯೇ ಇರಲಿಲ್ಲ. ಪತ್ರ, ಹಣ್ಣು, ಪುಸ್ತಕ, ಹಸಿವು ಎಲ್ಲವೂ ಕನ್ನಡದಲ್ಲಿ ನಪುಂಸಕವೇ. ಹಾಗಾಗಿ ಎಲ್ಲಕ್ಕೂ ಒಂದೇ ರೂಪವನ್ನು ಅಂಟಿಸಿದ್ದೆ. ಎರಡು ಕಡೆ ಆ ರೂಪ ಅದೃಷ್ಟವಶಾತ್ ಹೊಂದಿಕೊಂಡಿತು. ಕೆಂಪು ಗೆರೆ ಕಂಡ ವಾಕ್ಯಗಳೂ ಕಾಣದ ವಾಕ್ಯಗಳೂ ಒಂದೇ ತಪ್ಪಿನಿಂದ ಹುಟ್ಟಿದವು. ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿಯೇ ಕೈತಪ್ಪಿನಿಂದಾದ ದೋಷವನ್ನೂ ನಿಯಮಬದ್ಧವಾದ ದೋಷವನ್ನೂ ಬೇರ್ಪಡಿಸಿದರು. ಹೊರನೋಟಕ್ಕೆ ಶುದ್ಧವಾಗಿ ಕಾಣುವ ವಾಕ್ಯವೂ ದೋಷವನ್ನು ಅಡಗಿಸಿಕೊಂಡಿರಬಹುದೆಂದು ಅನಂತರ ತೋರಿಸಿಕೊಟ್ಟರು. ನನ್ನ ಮಾವಿನಹಣ್ಣು ಅಂಥದೇ.

ಆದುದರಿಂದ ದಿನಚರಿಯ ಪರಿಶೀಲನೆಯೆಂದರೆ ತಪ್ಪುಗಳ ಪಟ್ಟಿಯಲ್ಲ. ಬಲಪುಟದಲ್ಲಿ ಬರೆದು ಎಡಪುಟವನ್ನು ಖಾಲಿ ಬಿಡಬೇಕು. ಏಳು ದಿನಗಳವರೆಗೆ ತಿದ್ದಲು ಹೋಗಬಾರದು. ವಾರದ ಕೊನೆಗೆ ಭೂತಕಾಲದ ಕ್ರಿಯಾಪದಗಳನ್ನೆಲ್ಲ, ಸರಿ ತಪ್ಪು ಎನ್ನದೆ, ಎಡಪುಟಕ್ಕೆ ಇಳಿಸಿ, ಎದುರಿಗೆ ಕರ್ಮಪದವನ್ನೂ ಅದರ ಲಿಂಗವನ್ನೂ ಬರೆಯಬೇಕು. ಕ್ರಿಯಾಪದಗಳೆಲ್ಲ ಒಂದೇ ಅಂತ್ಯದಲ್ಲಿ ನಿಂತಿದ್ದು ಕರ್ಮಪದಗಳ ಲಿಂಗ ಬೇರೆಬೇರೆಯಾಗಿದ್ದರೆ ರೋಗ ತಿಳಿದಂತೆ. ಈ ಓದಿನಲ್ಲಿ ತಾನೇ ಕಂಡು ತಿದ್ದಿಕೊಳ್ಳಬಲ್ಲದ್ದು ಕೈತಪ್ಪು. ಎಷ್ಟು ಸಲ ಓದಿದರೂ ಸರಿಯಾಗಿಯೇ ಕಾಣುವುದು ನಿಜವಾದ ದೋಷ. ಎರಡನೆಯದಕ್ಕೆ ಮಾತ್ರ ಮರಾಠಿ ಬಲ್ಲವರು ಬೇಕು, ಮತ್ತು ಅವರು ಗೆರೆ ಎಳೆದರೆ ಸಾಕು, ಶುದ್ಧರೂಪ ಬರೆದುಕೊಡಬೇಕಾಗಿಲ್ಲ.

ಇನ್ನೊಂದು ಪರೀಕ್ಷೆಯನ್ನು ಪುಣೆಯ ಮಾತೇ ಒದಗಿಸುತ್ತದೆ. ಬರಹದ ‘ವಾಚಲೇ’ ಅಲ್ಲಿಯ ಆಡುಮಾತಿನಲ್ಲಿ ‘ವಾಚಲಂ’ ಆಗುತ್ತದೆ. ಆದರೆ ಪುಲ್ಲಿಂಗ ಬಹುವಚನದ ‘ಆಣಲೇ’ ಮಾತಿನಲ್ಲಿಯೂ ‘ಆಣಲೇ’ ಆಗಿಯೇ ಉಳಿಯುತ್ತದೆ. ಬರಹ ಒಂದಾಗಿಸಿದ್ದನ್ನು ಮಾತು ಬೇರ್ಪಡಿಸುತ್ತದೆ. ನನ್ನ ದಿನಚರಿಯನ್ನು ಆಡುಮಾತಿಗೆ ತಿರುಗಿಸಿ ಓದಲು ಹೇಳಿದಾಗ ನಾನು ‘ಆಂಬೇ ಆಣಲಂ’ ಎಂದೆ. ಕೇಳಿದವರು ನಕ್ಕರು. ಬರಹದಲ್ಲಿ ಮರೆಯಾಗಿದ್ದ ದೋಷ ಬಾಯಿಯಲ್ಲಿ ಹೊರಬಿತ್ತು.

ದಿನಚರಿಗೆ ಸ್ವಭಾವತಃ ಒಂದು ಕೊರತೆಯೂ ಇದೆ. ಅದು ‘ನಾನು’ ಎಂಬ ಪದದ ಸುತ್ತ ತಿರುಗುತ್ತದೆ. ಮರಾಠಿಯಲ್ಲಿ ಓದುವುದು, ಬರೆಯುವುದು ಮೊದಲಾದ ಸಕರ್ಮಕ ಕ್ರಿಯೆಗಳ ಭೂತಕಾಲದಲ್ಲಿ ಕರ್ತೃವಿಗೆ ‘ನೇ’ ಪ್ರತ್ಯಯ ಹತ್ತುತ್ತದೆ: ‘ತ್ಯಾನೇ ಪುಸ್ತಕ ವಾಚಲೇ.’ ಆದರೆ ‘ಮೀ’ ಎಂಬ ಉತ್ತಮ ಪುರುಷಕ್ಕೆ ಈ ಪ್ರತ್ಯಯ ಕಾಣಿಸಿಕೊಳ್ಳುವುದಿಲ್ಲ. ಹೀಗಾಗಿ ಆರು ತಿಂಗಳು ನಿಷ್ಠೆಯಿಂದ ದಿನಚರಿ ಬರೆದವನೂ ‘ನೇ’ ಪ್ರತ್ಯಯವನ್ನು ಒಮ್ಮೆಯೂ ಬಳಸದೆ ಇರಬಹುದು. ಹೊರಗೆ ಮಾತಿಗಿಳಿದಾಗ ಮಾತ್ರ, ‘ಅವನು ಓದಿದನು’ ಎಂಬ ಕನ್ನಡ ರಚನೆಯ ಮೇಲೆ ‘ತೋ ಪುಸ್ತಕ ವಾಚಲಾ’ ಎಂದುಬಿಡುತ್ತಾನೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳವಾದದ್ದು: ಪ್ರತಿದಿನ ಎರಡು ವಾಕ್ಯಗಳನ್ನು ಅನ್ಯರು ಮಾಡಿದ ಕೆಲಸದ ಬಗ್ಗೆ ಬರೆಯುವುದು. ಮನೆಯ ಒಡತಿ ರೊಟ್ಟಿ ಮಾಡಿದರು, ಪಕ್ಕದ ಹುಡುಗ ಕಿಟಕಿ ಮುರಿದ, ಇಷ್ಟೇ.

‘ನೇ’ ಕೈವಶವಾಗುತ್ತಿದ್ದಂತೆ ಹೊಸದೊಂದು ತಪ್ಪು ತಲೆದೋರಿತು. ‘ತ್ಯಾನೇ ಮರಾಠೀ ಶಿಕಲೀ’, ‘ತ್ಯಾನೇ ನಾವ ವಿಸರಲೇ’ ಎಂದು ಬರೆಯತೊಡಗಿದೆ. ಕಲಿಯುವುದು, ಮರೆಯುವುದು ಮುಂತಾದ ಕೆಲವು ಕ್ರಿಯೆಗಳು ಈ ನಿಯಮಕ್ಕೆ ಹೊರತು; ಅಲ್ಲಿ ಕನ್ನಡದಂತೆಯೇ ಕರ್ತೃವಿಗೆ ಹೊಂದುವ ರೂಪ, ಅಂದರೆ ‘ತೋ ಮರಾಠೀ ಶಿಕಲಾ’, ‘ತೋ ನಾವ ವಿಸರಲಾ’. ವಿಚಿತ್ರವೆಂದರೆ, ಏನೂ ತಿಳಿಯದ ಮೊದಲ ತಿಂಗಳಲ್ಲಿ ನಾನು ಇವೆರಡನ್ನೂ ಸರಿಯಾಗಿಯೇ ಬರೆದಿದ್ದೆ! ಅಂಕ ಕೊಡುವ ಪರೀಕ್ಷಕನಿಗೆ ಇದು ಹಿಂಜರಿತವಾಗಿ ಕಾಣುತ್ತದೆ. ವಾಸ್ತವವಾಗಿ ಇದು ಮುನ್ನಡೆ. ಏಕೆಂದರೆ ಮೊದಲಿನ ಶುದ್ಧಿ ಕನ್ನಡದ್ದು, ಈಗಿನ ತಪ್ಪು ಮರಾಠಿಯದ್ದು. ನಮ್ಮ ವಿಭಾಗಗಳಲ್ಲಿ ಕನ್ನಡ ಕಲಿಯುವ ಅನ್ಯಭಾಷಿಕರ ಬರಹವನ್ನು ತಪ್ಪಿಗೊಂದು ಅಂಕ ಕಳೆಯುವ ಕ್ರಮದಿಂದ ಅಳೆಯುತ್ತಿರುವುದಕ್ಕೆ ನನ್ನ ಆಕ್ಷೇಪ ಇರುವುದು ಈ ಕಾರಣಕ್ಕೇ.

ಈ ತಪ್ಪುಗಳನ್ನು ವ್ಯಕ್ತಿಯ ದೌರ್ಬಲ್ಯವೆಂದು ತಿಳಿಯುವವರು ಸಾಂಗ್ಲಿ ಜಿಲ್ಲೆಯ ಕುಪವಾಡವನ್ನು ನೆನೆಯಬೇಕು. ಕನ್ನಡ, ಮರಾಠಿ, ಉರ್ದು ತಲೆಮಾರುಗಳಿಂದ ಒಟ್ಟಿಗೆ ಬಾಳಿದ ಆ ಊರಿನಲ್ಲಿ, ಶಬ್ದಗಳು ಬೇರೆಯಾಗಿದ್ದರೂ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಅಚ್ಚಿಗೆ ಬಂದಿರುವುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ವಿವರಿಸಿದರು. ನನ್ನ ವಹಿಯಲ್ಲಿ ದೋಷವೆನಿಸುವ ಪ್ರವೃತ್ತಿಯೇ ಒಂದು ಊರು ಕೂಡಿ ಆಡಿದಾಗ ಅಲ್ಲಿಯ ವ್ಯಾಕರಣವಾಗಬಲ್ಲದು. ಪುಣೆ ಕುಪವಾಡವಲ್ಲ ಎಂಬುದೂ ಅಷ್ಟೇ ನಿಜ. ಅಲ್ಲಿ ಕನ್ನಡಿಗನ ಸಂಕೋಚವನ್ನು ಕಂಡು ‘ಬರೋಬರ ಆಹೇ’ ಎಂದು ಸೌಜನ್ಯದಿಂದ ತಲೆದೂಗುವವರು ಬಹಳ. ಅರ್ಥವಾದರೆ ಸಾಕೆಂದು ಬಿಟ್ಟುಬಿಡುವ ಆ ಸೌಜನ್ಯದಿಂದಲೇ ಎಷ್ಟೋ ದೋಷಗಳು ಗಟ್ಟಿಯಾಗಿ ಉಳಿಯುತ್ತವೆ.

ಎಡಪುಟದ ಪಟ್ಟಿ ಎಲ್ಲವನ್ನೂ ಬಗೆಹರಿಸುತ್ತದೆಂದು ನಾನು ಹೇಳಲಾರೆ. ಎರವಲು ಶಬ್ದಗಳ ಮುಂದೆ ಅದು ಸೋಲುತ್ತದೆ. ‘ಬಸ್’ ಸ್ತ್ರೀಲಿಂಗವೆಂಬುದರಲ್ಲಿ ಎಲ್ಲರೂ ಒಂದೇ ಮಾತು. ‘ಪೆನ್’ ವಿಷಯದಲ್ಲಿ ಮಾತ್ರ ನನ್ನ ಇಬ್ಬರು ಮರಾಠಿ ಮಿತ್ರರು, ಒಬ್ಬರು ಅದು ಪುಲ್ಲಿಂಗವೆಂದೂ ಇನ್ನೊಬ್ಬರು ನಪುಂಸಕವೆಂದೂ, ಚಹಾ ಆರುವವರೆಗೆ ವಾದಿಸಿದರು. ಆ ಶಬ್ದದ ಎದುರಿನ ಜಾಗ ನನ್ನ ವಹಿಯಲ್ಲಿ ಇಂದಿಗೂ ಖಾಲಿಯಾಗಿಯೇ ಇದೆ.