ಚೀಲದ ಮೇಲಿನ ತೆನಿ ಹೊಲಕ್ಕ ಬರೂದಿಲ್ಲ

ಅಣ್ಣಾರ, ತಮ್ಮಾರ, ಇವತ್ತು ಗೊಬ್ಬರದ ಬಗ್ಗೆ ಅಲ್ಲ, ಗೊಬ್ಬರದ ಚೀಲದ ಮೇಲೆ ಇರೋ ಚಿತ್ರದ ಬಗ್ಗೆ ಬರಿಯಾಕತ್ತೇನಿ. ಸ್ವಲ್ಪ ಉದ್ದ ಆಗ್ತದ, ಆದ್ರೂ ಬಿತ್ತಿಗಿಂತ ಮೊದಲ ಓದ್ರಿ.

ನನ್ನ ಮಾತು ಇಷ್ಟೇ. ಬೀಜದ ಪಾಕೀಟಿನ ಮೇಲೆ ಬೆಳೆ ಚಿತ್ರ ಇರಬೇಕು, ಆದರೆ ಈಗಿನ ಹಾಗಲ್ಲ. ಗೊಬ್ಬರದ ಚೀಲದ ಮೇಲೆ ಬೆಳೆ ಚಿತ್ರ ಇರಲೇಬಾರದು. ಅಲ್ಲಿ ದೊಡ್ಡದಾಗಿ ಕಾಣಬೇಕಾದದ್ದು ಅಂಕಿ.

ಮೊದಲು ಗೊಬ್ಬರ ನೋಡೋಣ. ಗೋವಿನಜೋಳದ ಹಂಗಾಮಿನಲ್ಲಿ ನಮ್ಮ ಕಡೆ ಯಾವ ಅಂಗಡಿಗೆ ಹೋದರೂ ಬಾಗಿಲ ಮುಂದೆ ಚೀಲ ಒಟ್ಟಿರುತ್ತಾರೆ. ಮೈತುಂಬ ಹಸಿರು ಬಣ್ಣ, ನಡುವೆ ಮೊಳ ಉದ್ದದ ಬಂಗಾರದಂಥ ತೆನಿ. ಡಿಎಪಿ ಸಿಗದ ದಿನ ಅಂಗಡಿಯವರು ಅಂಥದೇ ಒಂದು ಚೀಲ ತೋರಿಸಿ "ಇದೂ ಡಿಎಪಿ ಇದ್ದಂಗ ರೀ, ರಂಜಕ ಭಾಳ ಐತಿ" ಅಂತಾರೆ. ಕಾಳು ನೋಡಿದರೆ ಅದೇ ಕಂದು, ಅದೇ ಗಾತ್ರ. ನಾನು ನೋಡಿದ ಒಂದು ಚೀಲ ತಿರುಗಿಸಿದಾಗ ಕೆಳಗಿನ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇದ್ದದ್ದು: ಫಾಸ್ಫೇಟ್ ರಿಚ್ ಆರ್ಗ್ಯಾನಿಕ್ ಮೆನ್ಯೂರ್. ಪ್ರೋಮ್ ಅಂತಾರಲ್ಲ, ಅದು.

ಪ್ರೋಮ್ ಕೆಟ್ಟದ್ದು ಅಂತ ನಾನು ಹೇಳೂದಿಲ್ಲ. ಅದು ಸಾವಯವ ಗೊಬ್ಬರಕ್ಕೆ ರಾಕ್ ಫಾಸ್ಫೇಟ್ ಸೇರಿಸಿ ಮಾಡಿದ್ದು, ಅದರದ್ದೇ ಕೆಲಸ ಅದಕ್ಕೆ ಇದೆ. ಆದರೆ ಲೆಕ್ಕ ಹಾಕ್ರಿ. ಡಿಎಪಿ ಅಂದರೆ 18-46-0. 50 ಕೆಜಿ ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. ಪ್ರೋಮ್‌ನಲ್ಲಿ ರಂಜಕ ಕನಿಷ್ಠ 10.4 ಪರ್ಸೆಂಟ್ ಇರಬೇಕು ಅಂತ ನಿಯಮ. ಅಂದರೆ 50 ಕೆಜಿಗೆ 5.2 ಕೆಜಿ. ಡಿಎಪಿಯ ಒಂದು ಚೀಲಕ್ಕೆ ಸಮ ಮಾಡಬೇಕಾದರೆ ನಾಲ್ಕೂವರೆ ಚೀಲದ ಹತ್ತಿರ ಬೇಕು. ಅಷ್ಟು ಹಾಕಿದರೂ ಅದರ ರಂಜಕ ಡಿಎಪಿಯದರಂತೆ ನೀರಿಗೆ ಕರಗಿ ಎಳೇ ಬೇರಿಗೆ ಕೂಡಲೇ ಸಿಗೂದಿಲ್ಲ. ಸಾರಜನಕವಂತೂ ಹೆಸರಿಗಷ್ಟೇ. ಬಿತ್ತುವಾಗ ಇದನ್ನ ಡಿಎಪಿ ಅಂತ ತಿಳಿದು ಎಕರೆಗೆ ಒಂದು ಚೀಲ ಹಾಕಿದವನ ಹೊಲದಲ್ಲಿ ಇಪ್ಪತ್ತು ದಿನಕ್ಕೆ ಕೆಳಗಿನ ಎಲೆ ಅಂಚು ನೇರಳೆ ಬಣ್ಣಕ್ಕೆ ತಿರುಗಬಹುದು. ಅದು ರಂಜಕ ಸಾಲದ್ದರ ಗುರುತು. ಥಂಡಿ ಬಿದ್ದಾಗಲೂ, ಹೊಲದಾಗ ನೀರು ನಿಂತಾಗಲೂ ಹಾಗಾಗ್ತದ ಅನ್ನೂದು ನೆನಪಿರಲಿ.

ಈಗ ಹೇಳ್ರಿ, ಚೀಲದ ಮೇಲಿನ ಆ ತೆನಿ ಇದರಲ್ಲಿ ಯಾವುದನ್ನ ಹೇಳಿತು? 10.4 ಅನ್ನೋ ಅಂಕಿಯನ್ನ ತೆನಿಯಷ್ಟು ದೊಡ್ಡದು ಬರೆದಿದ್ದರೆ ಆ ಮಾತು ಅಂಗಡಿಯಲ್ಲೇ ಮುಗೀತಿತ್ತು.

"ಓದಾಕ ಬರದವರಿಗೆ ಚಿತ್ರ ಬೇಕಲ್ಲ" ಅಂತ ಅಂಗಡಿಯವರು ವಾದ ಮಾಡ್ತಾರೆ. ಇದು ನಮ್ಮ ಹಿರಿಯರನ್ನ ಕಡಿಮಿ ಅಳೆದ ಮಾತು. ಒಂದಕ್ಷರ ಓದದ ಮುದುಕ ನೋಟು ಎಣಿಸ್ತಾನ, ಬಸ್ಸಿನ ನಂಬರ್ ಹಿಡಿತಾನ. ಗೊಬ್ಬರ ಕೇಳುವಾಗಲೂ ನಮ್ಮವರು "ಹತ್ತು ಇಪ್ಪತ್ತಾರು ಕೊಡ್ರಿ", "ಹದಿನೇಳು ಹದಿನೇಳು ಐತೇನು" ಅಂತ ಕೇಳ್ತಾರೆ, ಯಾರೂ "ತೆನಿ ಚಿತ್ರದ ಗೊಬ್ಬರ ಕೊಡ್ರಿ" ಅನ್ನೂದಿಲ್ಲ. ಅಂಕಿಯೇ ಗೊಬ್ಬರದ ಹೆಸರು. ಆ ಹೆಸರನ್ನೇ ಸಣ್ಣದು ಮಾಡಿ ಮೂಲೆಗೆ ಹಾಕಿ, ತೆನಿ ದೊಡ್ಡದು ಮಾಡೋದು ಯಾರ ಅನುಕೂಲಕ್ಕೆ?

2022ರ ಅಕ್ಟೋಬರ್‌ನಿಂದ ಸಬ್ಸಿಡಿ ಯೂರಿಯಾ, ಡಿಎಪಿ, ಪೊಟ್ಯಾಷ್, ಕಾಂಪ್ಲೆಕ್ಸ್ ಎಲ್ಲಕ್ಕೂ "ಭಾರತ್" ಅಂತ ಒಂದೇ ಹೆಸರು ಬಂತು. ಚೀಲದ ಒಂದು ಮಗ್ಗುಲಲ್ಲಿ ಮೂರರಲ್ಲಿ ಎರಡು ಪಾಲು ಆ ಹೆಸರು ಮತ್ತು ಯೋಜನೆಯ ಗುರುತಿಗೆ, ಉಳಿದದ್ದು ಕಂಪನಿಗೆ. ಕಂಪನಿಗಳ ಚಿತ್ರದ ಪೈಪೋಟಿ ಕಡಿಮೆ ಆದದ್ದು ಒಳ್ಳೇದೇ. ಆದರೆ ಎಲ್ಲ ಚೀಲ ಅಣ್ಣತಮ್ಮಂದಿರಂಗ ಕಾಣುವಾಗ ಅಂಕಿ ಇನ್ನೂ ದೊಡ್ಡದಾಗಿ, ನಾಲ್ಕೂ ಮಗ್ಗುಲಿಗೆ ಇರಬೇಕಿತ್ತು. ಒಟ್ಟಿದ ಚೀಲದಲ್ಲಿ ನಮಗೆ ಕಾಣೂದು ಹೊಲಿಗೆ ಹಾಕಿದ ತುದಿ, ಮುಂಭಾಗ ಅಲ್ಲ.

ಅಂಗಡಿಯಲ್ಲೇ ಮಾಡೋ ಒಂದು ಪರೀಕ್ಷೆ ಹೇಳ್ತೀನಿ. ನಾಲ್ಕು ಕಾಳು ಅಂಗೈಯಲ್ಲಿ ಇಟ್ಟು, ತಂಬಾಕಿಗೆ ಹಚ್ಚಿದಂಗ ಸುಣ್ಣ ಹಚ್ಚಿ ತಿಕ್ಕ್ರಿ. ಡಿಎಪಿ ಆದರೆ ಮೂಗು ಕಟ್ಟೋ ಘಾಟು ಬರ್ತದ, ಅದು ಅಮೋನಿಯಾ. ಬರಲಿಲ್ಲ ಅಂದ್ರ ಅದು ಡಿಎಪಿ ಅಲ್ಲ. ಆದರೆ ಬಂದರೂ ಪೂರ್ತಿ ನಂಬಬ್ಯಾಡ್ರಿ, 20-20-0-13 ತಿಕ್ಕಿದರೂ ಅದೇ ಘಾಟು. ರಂಜಕ ಎಷ್ಟು ಅನ್ನೂದು ಮೂಗಿಗೆ ತಿಳಿಯೂದಿಲ್ಲ, ಅಂಕಿಯೇ ಹೇಳಬೇಕು. ಡಿಎಪಿ ಸಿಗದಿದ್ದರೆ 16 ಪರ್ಸೆಂಟಿನ ಸೂಪರ್ ಫಾಸ್ಫೇಟ್ ಮೂರು ಚೀಲ, 20 ಕೆಜಿ ಯೂರಿಯಾ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಸಾರಜನಕ, ಅಷ್ಟೇ ರಂಜಕ ಆಗ್ತದ, ಮೇಲೆ ಗಂಧಕ ಬೇರೆ.

ಇನ್ನು ಬೀಜ. ಇಲ್ಲಿ ಚಿತ್ರ ಬೇಕು ಅಂದೆ, ಯಾಕಂದ್ರ ಮೆಣಸಿನ ಬೀಜ ನೋಡಿ ಕಾಯಿ ಡಬ್ಬಿಯೋ ಕಡ್ಡಿಯೋ ಹೇಳಾಕ ಆಗೂದಿಲ್ಲ. ಆದರೆ ಪಾಕೀಟಿನ ಮೇಲೆ ಯಾವ ಕಾಯಿ ತೋರಿಸ್ತಾರೆ? ಎಣ್ಣಿ ಹಚ್ಚಿದಂಗ ಮಿಂಚೋ ಹಸಿ ಕೆಂಪು ಕಾಯಿ. ನಾವು ಬ್ಯಾಡಗಿ ಮಾರ್ಕೆಟ್ಟಿಗೆ ಒಯ್ಯೂದು ಒಣ ಕಾಯಿ. ಅಲ್ಲಿ ದರ ನಿಲ್ಲೂದು ಬಣ್ಣ, ಸುಕ್ಕು, ಉದ್ದದ ಮೇಲೆ. ಒಣಗಿದ ಮೇಲೆ ಸುಕ್ಕು ಬರ್ತದೋ ಇಲ್ಲೋ, ಕಾಯಿ ಎಷ್ಟು ಇಂಚು ಅನ್ನೂದು ಆ ಚಿತ್ರದಲ್ಲಿ ಎಲ್ಲಿದೆ? ಒಣ ಕಾಯಿಯನ್ನ ಒಂದು ಸ್ಕೇಲಿನ ಪಕ್ಕ ಇಟ್ಟು ಫೋಟೋ ಹಾಕಲಿ. ಖರ್ಚು ಹೆಚ್ಚೇನಿಲ್ಲ, ಆದರೆ ಮಾತು ಕೊಟ್ಟಂಗ ಆಗ್ತದ. ಅದಕ್ಕೇ ಹಾಕೂದಿಲ್ಲ. ಎಷ್ಟೋ ಪಾಕೀಟಿನ ಮೇಲೆ "ಚಿತ್ರ ಸಾಂಕೇತಿಕ ಮಾತ್ರ" ಅಂತ ಸಣ್ಣಗೆ ಬರೆದಿರ್ತದ.

ಕಾಯ್ದೆ ಕಟ್ಟಿಹಾಕೋದು ಲೇಬಲ್ಲನ್ನ. ಸರ್ಕಾರಿ ಪ್ರಮಾಣಿತ ಬೀಜಕ್ಕೆ ನೀಲಿ, ಕಂಪನಿಯೇ ಜವಾಬ್ದಾರಿ ಹೊತ್ತ ಬೀಜಕ್ಕೆ ಹಸಿರು. ಅದರಲ್ಲಿ ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ತಾರೀಖು, ಅವಧಿ, ಲಾಟ್ ನಂಬರ್ ಇರ್ತಾವ. ಮೆಣಸಿನಕಾಯಿಗೆ ಕನಿಷ್ಠ ಮೊಳಕೆ 60 ಪರ್ಸೆಂಟ್. ಅಂದರೆ ಮಡಿಯಲ್ಲಿ ನೂರಕ್ಕೆ ನಲವತ್ತು ಏಳದಿದ್ದರೂ ಬೀಜ ಕಾಯ್ದೆ ಪ್ರಕಾರ ಸರಿ. ಪಾಕೀಟಿನ ತುಂಬ ಕಾಯಿ ಹೊತ್ತ ಗಿಡ ನೋಡಿ ಎಣಿಸಿ ಸಸಿ ಲೆಕ್ಕ ಹಾಕಿದವನು ನಾಟಿ ದಿನ ಪಕ್ಕದೂರಿಗೆ ಸಸಿ ಹುಡುಕಿಕೊಂಡು ಹೋಗಬೇಕಾಗ್ತದ.

ಬೀಜ ಕೈಕೊಟ್ಟಾಗ ಕೃಷಿ ಇಲಾಖೆಗೆ ಹೋದರೆ ಕೇಳೂದು ಮೂರೇ: ಬಿಲ್ಲು, ಖಾಲಿ ಪಾಕೀಟು, ಲಾಟ್ ನಂಬರ್. ಬಿಲ್ಲಿನಲ್ಲಿ ಲಾಟ್ ನಂಬರ್ ಬರೆಸದೆ ಅಂಗಡಿ ಮೆಟ್ಟಿಲು ಇಳೀಬ್ಯಾಡ್ರಿ. ಪಾಕೀಟನ್ನ ಮೇಲಿಂದ ಹರೀರಿ, ಲೇಬಲ್ ಉಳೀಲಿ, ಬೆಳೆ ಕೈಗೆ ಬರೋತನಕ ಇಟ್ಟುಕೊಳ್ರಿ.

ಮತ್ತೆ ಈ ಸಲ ಅಂಗಡಿಯವರು ಚೀಲ ತೋರಿಸಿದಾಗ ಮುಂಭಾಗ ನೋಡಿ ತಲಿ ಹಾಕಬ್ಯಾಡ್ರಿ. "ಅಂಕಿ ಎಲ್ಲೈತಿ, ತೋರಿಸ್ರಿ" ಅಂತ ಕೇಳ್ರಿ. ಹತ್ತು ಮಂದಿ ಕೇಳಿದರೆ ಅಂಗಡಿಯವರು ಕಂಪನಿಯವರನ್ನ ಕೇಳ್ತಾರೆ. ಅಂಕಿ ದೊಡ್ಡದಾಗೂದು ಅಲ್ಲಿಂದಲೇ.